ಅಕ್ಕನ ನಂಬರು, ಅಂಗಡಿಯ ನಂಬರು

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹಳೆಯ ಬಟ್ಟೆ ಸರಿಮಾಡಿಕೊಡುವ ಅಂಗಡಿಯೊಂದಿದೆ. ಉದ್ದದ ಪ್ಯಾಂಟು ಗಿಡ್ಡ ಮಾಡುವುದು, ಬಿಗಿಯಾದ ಅಂಗಿಯ ಪಕ್ಕ ಬಿಚ್ಚುವುದು, ಕೆಟ್ಟ ಜಿಪ್ಪು ಕಿತ್ತು ಹೊಸದು ಕೂರಿಸುವುದು, ಇಷ್ಟೇ ಅಲ್ಲಿಯ ಕೆಲಸ. ಹೊಸ ಬಟ್ಟೆ ಹೊಲಿದುಕೊಡಿ ಎಂದು ಯಾರಾದರೂ ಬಂದರೆ ಒಡತಿ ಎದುರಿನ ದರ್ಜಿಯ ಕಡೆ ಕೈ ತೋರಿಸುತ್ತಾಳೆ. ಗಿರಾಕಿಗಳು ಅವಳಿಗೆ ಇಟ್ಟ ಹೆಸರು ಜಿಪ್ಪಕ್ಕ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಬೋರ್ಡಿನ ಮೇಲೂ ಅದನ್ನೇ ಬರೆಸಿ, ಕೆಳಗೆ ತನ್ನ ಫೋನ್ ನಂಬರು ಹಾಕಿಸಿದಳು.

ಆ ನಂಬರು ಮೊದಲಿನಿಂದ ಅವಳದೇ. ಫೋನು ಸೊಂಟದ ಚೀಲದಲ್ಲಿ, ಸೀಮೆಸುಣ್ಣದ ತುಂಡು ಮತ್ತು ಅಳತೆಯ ಪಟ್ಟಿಯ ಜೊತೆ ಇರುತ್ತಿತ್ತು. ಅದಕ್ಕೆ ಗಿರಾಕಿಗಳೂ ಬರೆಯುತ್ತಿದ್ದರು, ಮನೆಯವರೂ ಬರೆಯುತ್ತಿದ್ದರು, ತಂಗಿಯೂ ಬರೆಯುತ್ತಿದ್ದಳು.

ತಂಗಿಯನ್ನು ಮನೆಯಲ್ಲಿ ಕರೆಯುವುದು ಗುಂಡಿ ಎಂದು. ಹಾಲುಹಲ್ಲಿನ ವಯಸ್ಸಿನಲ್ಲಿ ಅಕ್ಕನ ಡಬ್ಬಿಯಿಂದ ಕೋಟಿನ ಗುಂಡಿಯೊಂದನ್ನು ತೆಗೆದು ನುಂಗಿಬಿಟ್ಟಿದ್ದಳು. ತಾಯಿ ಇಲ್ಲದ ಮನೆ. ಅವಳನ್ನು ಎತ್ತಿಕೊಂಡು ವೈದ್ಯರ ಬಳಿ ಓಡಿದವಳು ಜಿಪ್ಪಕ್ಕನೇ. ಜಡೆ ಹಾಕಿದವಳೂ ಅವಳೇ, ಹೊಡೆದವಳೂ ಅವಳೇ. ಗುಂಡಿ ಈಗ ಶಾಲೆಯೊಂದರ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದಲ್ಲಿದ್ದಾಳೆ. ಮದುವೆಯಾಗಲಿಲ್ಲ. ಪಟ್ಟಣದ ಆಚೆ ತುದಿಯಲ್ಲಿ, ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ಸಂಜೆ ಕೆಲಸ ಮುಗಿಸಿ ಬಂದವಳು ಅಕ್ಕನಿಗೆ ಬರೆಯಲು ಕೂರುವಳು. ನಲ್ಲಿ ಸೋರುವುದು, ಮನೆಯೊಡತಿ ಗೊಣಗಿದ್ದು, ಅಂಟಿನ ವಾಸನೆಗೆ ತಲೆನೋವು ಬಂದದ್ದು, ರಾತ್ರಿ ನಿದ್ದೆ ಬಾರದ್ದು. ಒಂದೊಂದು ಮೆಸೇಜೂ ಅಳತೆಪಟ್ಟಿಗಿಂತ ಉದ್ದ. ಜಿಪ್ಪಕ್ಕನಿಗೆ ಹೆಬ್ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುವ ಅಭ್ಯಾಸ. ತಂಗಿಯ ಹತ್ತು ಸಾಲಿಗೆ ಅವಳು ಒಂದು ಸಾಲು ಬರೆಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು.

ಗಿರಾಕಿಗಳ ಕಾಟ ಹೆಚ್ಚಾದ ಮೇಲೆ ಅವಳು ಪಕ್ಕದ ಮೊಬೈಲ್ ರಿಪೇರಿಯವನ ಬಳಿ ಹೋದಳು. ಊಟಕ್ಕೆ ಕೂತಾಗಲೂ ‘ನನ್ನ ಪ್ಯಾಂಟ್ ಆಯ್ತಾ’, ಸ್ನಾನಕ್ಕೆ ಹೋದಾಗಲೂ ‘ಜಿಪ್ಪು ಬಂತಾ’.

“ಬಿಸಿನೆಸ್ ವಾಟ್ಸ್ಯಾಪ್ ಹಾಕ್ಕೊಳ್ಳಿ ಅಕ್ಕಾ,” ಎಂದ ಅವನು, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆ. “ಅಂಗಡಿ ಹೆಸರು, ಸಮಯ, ದರ ಎಲ್ಲಾ ಅದರಲ್ಲೇ ಹಾಕಬಹುದು. ಮುಚ್ಚಿದ ಹೊತ್ತಲ್ಲಿ ಯಾರಾದ್ರೂ ಬರೆದ್ರೆ ಅದೇ ಉತ್ತರ ಕೊಡುತ್ತೆ. ಆದ್ರೆ ಒಂದು ಮಾತು. ಒಂದು ನಂಬರಿಗೆ ಒಂದೇ ಮನೆ. ಮಾಮೂಲಿ ವಾಟ್ಸ್ಯಾಪಲ್ಲಿ ಇರಬೇಕು, ಇಲ್ಲ ಬಿಸಿನೆಸ್ಸಲ್ಲಿ ಇರಬೇಕು. ಎರಡು ದೋಣಿ ಮೇಲೆ ಕಾಲಿಡೋಕೆ ಅದು ಬಿಡಲ್ಲ. ಅಂಗಡಿಗೆ ಅಂತ ಬೇರೆ ಸಿಮ್ ತಗೊಳ್ಳಿ.”

“ಬೋರ್ಡ್ ಮೇಲೆ ಬರೆಸಿರೋದು ಇದೇ ನಂಬರು. ಗಿರಾಕಿಗಳ ಹತ್ರ ಇರೋದೂ ಇದೇ. ಇನ್ನೊಂದು ಯಾರು ನೆನಪಿಟ್ಕೋತಾರಪ್ಪಾ? ಇದನ್ನೇ ಹಾಕು.”

“ಹಾಕ್ತೀನಿ. ಹೋಗುವಾಗ ಹಳೇ ಮಾತೆಲ್ಲ ಜೊತೆಗೇ ಹೋಗುತ್ತೆ. ಆದ್ರೆ ನಾಳೆ ಬೇಡ ಅಂತ ಹಿಂದಕ್ಕೆ ಬಂದ್ರೆ ನಂಬರು ಬರುತ್ತೆ, ಮಾತು ಬರಲ್ಲ. ಯೋಚನೆ ಮಾಡಿ.”

“ಹಿಂದಕ್ಕೆ ಯಾಕೆ ಬರ್ತೀನಿ? ಹಾಕೋ ಮಾರಾಯಾ.”

ಅವನು ಹಾಕಿದ. ಹೊಸ ಆ್ಯಪು ಹಳೆಯ ನಂಬರನ್ನೇ ಗುರುತು ಹಿಡಿದು, ಇದನ್ನೇ ಬಳಸಲೇ ಎಂದು ಕೇಳಿತು. ಹೂಂ ಅಂದದ್ದಕ್ಕೆ ಮಾತು, ಚಿತ್ರ, ಮನೆಯವರ ಗುಂಪು ಎಲ್ಲವೂ ಸಾಮಾನು ಸಮೇತ ಮನೆ ಬದಲಿಸಿದ ಹಾಗೆ ಆಚೆಗೆ ಹೋದವು. ಹಳೆಯ ಆ್ಯಪು ಬರಿದಾಯಿತು. ಅಂಗಡಿ ಮುಚ್ಚಿದಾಗ ಹೋಗಬೇಕಾದ ಉತ್ತರವನ್ನು ಜಿಪ್ಪಕ್ಕನೇ ಹೇಳಿ ಬರೆಸಿದಳು: ‘ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದ. ಈಗ ಅಂಗಡಿ ಮುಚ್ಚಿದೆ. ದಯವಿಟ್ಟು ಕಾಯಿರಿ, ಸರದಿಯಂತೆ ಉತ್ತರಿಸುತ್ತೇವೆ.’

“ಇದು ಯಾರ್‍ಯಾರಿಗೆ ಹೋಗಬೇಕು?” ಎಂದು ಅವನು ಕೇಳಿದ. “ಫೋನಲ್ಲಿ ಹೆಸರು ಇಲ್ಲದವರಿಗೆ ಮಾತ್ರ ಅಂತ ಇಡಬಹುದು. ಆಗ ಮನೆಯವರಿಗೆ ಹೋಗಲ್ಲ.”

ಅದು ಆಗುವ ಮಾತಾಗಿರಲಿಲ್ಲ. ಜಿಪ್ಪಕ್ಕನ ಫೋನಿನಲ್ಲಿ ಗಿರಾಕಿಗಳಿಗೆಲ್ಲ ಹೆಸರಿತ್ತು: ಎಡಗಾಲು ಗಿಡ್ಡ, ಹಸಿರು ಕೋಟು, ಹೊಟ್ಟೆ ಸಾರ್, ನಾಳೆ ಕೊಡ್ತೀನಿ ಮೇಡಂ. ಹೆಸರಿದ್ದವರನ್ನೆಲ್ಲ ಬಿಟ್ಟರೆ ಉತ್ತರ ಹೋಗಲು ಯಾರೂ ಉಳಿಯುತ್ತಿರಲಿಲ್ಲ.

“ಹಾಗಾದ್ರೆ ಎಲ್ಲರಿಗೂ ಅಂತ ಇಡ್ತೀನಿ. ಬೇಡದವರನ್ನ ಒಬ್ಬೊಬ್ಬರಾಗಿ ಆಚೆ ತೆಗೀಬಹುದು. ಇಲ್ಲಿ ನೋಡಿ, ಹೀಗೆ.” ಅವನು ತೋರಿಸಿಕೊಟ್ಟ. ಅವಳು ಕಲಿತುಕೊಂಡಳು.

ಮೊದಲು ಜಗಳ ತೆಗೆದವರು ಯಜಮಾನರು. ಬಸ್ಸು ಓಡಿಸಿ ನಿವೃತ್ತರಾದವರು, ಮನೆಯಿಂದ ‘ಹಾಲು ತರಬೇಕಾ’ ಎಂದು ಬರೆದು, ಸರದಿಯಂತೆ ಕಾಯಲು ಹೇಳಿಸಿಕೊಂಡಿದ್ದರು.

“ಏನೇ ಇದು, ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ನಾನು ಕ್ಯೂನಲ್ಲಿ ನಿಲ್ಲಬೇಕಾ?”

“ನಿಂತ್ಕೊಳ್ಳಿ. ನಿಮ್ಮ ಬಸ್ಸಿಗೆ ಜನ ನಿಲ್ಲಲಿಲ್ವಾ?” ಎಂದು ನಗುತ್ತಲೇ ಅವರನ್ನು ಆಚೆ ತೆಗೆದಳು. ನಾದಿನಿ ರೇಗಿದಳು, ಅವಳನ್ನೂ ತೆಗೆದಳು. ಅತ್ತ ಮಗುವಿಗೆ ಹಾಲು ಎನ್ನುತ್ತಾರಲ್ಲ, ಬಾಯಿ ಮಾಡಿದವರಿಗೆಲ್ಲ ಬಿಡುಗಡೆ ಸಿಕ್ಕಿತು.

ಗುಂಡಿಯೂ ಒಂದು ಸಲ ಹೇಳಿದಳು. ಬಾಯಿ ಮಾಡಲಿಲ್ಲ, ಹೇಳಿದಳು ಅಷ್ಟೆ. “ಅಕ್ಕಾ, ಸಂಜೆ ಬರೆದ್ರೆ ನಂಗೂ ಅಂಗಡಿದು ಬರುತ್ತೆ ಕಣೇ. ಆಗೋದಾದ್ರೆ ನನ್ನನ್ನೂ ತೆಗಿ.”

“ಹೂಂ ಕಣೇ, ನಾಳೆ ತೆಗೀತೀನಿ.”

ನಾಳೆ ಬಂತು, ಹೋಯಿತು. ಒಂದು ಸಂಜೆ ತಂಗಿಯ ಉದ್ದದ ಮೆಸೇಜು ಬಂದಾಗ ಜಿಪ್ಪಕ್ಕ ಅದನ್ನು ತೆರೆಯುವ ಮೊದಲೇ ಉತ್ತರ ಹೋಗಿಯಾಗಿತ್ತು. ಅವಳು ಫೋನನ್ನು ಬೋರಲು ಹಾಕಿ ಊಟಕ್ಕೆ ಕೂತಳು. ಆವತ್ತು ಊಟ ಬಿಸಿಯಾಗಿತ್ತು. ತನ್ನ ಪರವಾಗಿ ಬೇರೆ ಯಾರೋ ‘ಕಾಯಿರಿ’ ಎಂದು ಮರ್ಯಾದೆಯಿಂದ ಹೇಳಿಬಿಟ್ಟದ್ದು ಅವಳಿಗೆ ಸುಖವಾಗಿತ್ತು. ಮರುದಿನವೂ ತೆಗೆಯಲಿಲ್ಲ. ಮರೆತಿರಲಿಲ್ಲ. ಆಚೆ ತೆಗೆಯುವ ಜಾಗ ಎಲ್ಲಿದೆ ಎಂಬುದೂ ಗೊತ್ತಿತ್ತು.

ಬರಬರುತ್ತಾ ಗುಂಡಿಯ ಮೆಸೇಜುಗಳು ಗಿಡ್ಡವಾದವು. ಆಮೇಲೆ ಅಪರೂಪವಾದವು. ಫೋನು ಸೊಂಟದ ಚೀಲ ಬಿಟ್ಟು ಅಂಗಡಿಯ ಕಿಟಕಿಯ ಬಳಿ, ಚಾರ್ಜಿನ ವಯರಿಗೆ ಕಟ್ಟಿಕೊಂಡು ಉಳಿಯಿತು. ಬೀಗ ಹಾಕುವಾಗ ಜಿಪ್ಪಕ್ಕ ಅದನ್ನು ಅಲ್ಲೇ ಬಿಟ್ಟು ಬರತೊಡಗಿದಳು. ಅಂಗಡಿಯ ನಂಬರು, ಅಂಗಡಿಯಲ್ಲಿರಲಿ. ಮನೆಯಲ್ಲಿ ಯಜಮಾನರ ಫೋನಿತ್ತಲ್ಲ.

ವಾರದ ರಜೆಯ ದಿನ ಅವಳು ಮನೆಯಲ್ಲಿ ಪರದೆ ಒಗೆದು ಒಣಗಿಸುತ್ತಿದ್ದಳು. ಮಧ್ಯಾಹ್ನ ಯಜಮಾನರ ಜೊತೆ ಕೂತು ಪದಬಂಧ ತುಂಬಿಸಿದಳು. ಬಹಳ ದಿನಗಳ ಮೇಲೆ ಒಂದು ಒಳ್ಳೆಯ ದಿನ ಎನ್ನಿಸಿತು. ಮರುದಿನ ಅಂಗಡಿ ತೆರೆದು, ಒಂದು ಕೋಟಿನ ಅಸ್ತರು ಬಿಚ್ಚಿ, ಆಮೇಲೆ ಫೋನು ನೋಡಿದಳು. ಹೊಟ್ಟೆ ಸಾರ್ ಮತ್ತು ಹಸಿರು ಕೋಟಿನ ನಡುವೆ ತಂಗಿಯ ಹೆಸರಿತ್ತು.

‘ಅಕ್ಕಾ, ಎದೆಯಲ್ಲಿ ಗಂಟು ಇದೆ ಅಂತ ಹೇಳಿದ್ದಾರೆ. ನಾಳೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಸೂಜಿ ಹಾಕಿ ಅದರ ತುಣುಕು ಪರೀಕ್ಷೆಗೆ ತೆಗೀತಾರೆ. ಫೋನಲ್ಲಿ ಹೇಳೋಕೆ ಆಗ್ತಿಲ್ಲ. ಜೊತೆಗೆ ಬರ್ತೀಯಾ?’

ಅದರ ಕೆಳಗೆ, ಜಿಪ್ಪಕ್ಕನ ಹೆಸರಲ್ಲಿ:

‘ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದ. ಈಗ ಅಂಗಡಿ ಮುಚ್ಚಿದೆ. ದಯವಿಟ್ಟು ಕಾಯಿರಿ, ಸರದಿಯಂತೆ ಉತ್ತರಿಸುತ್ತೇವೆ.’

ಕತ್ತರಿ ಮೇಜಿನಿಂದ ಜಾರಿ ಕಾಲಬಳಿ ಬಿತ್ತು. ಅಸ್ತರು ಬಿಚ್ಚಿದ ಕೋಟನ್ನು ಹಾಗೇ ಬಿಟ್ಟು, ಬಾಗಿಲು ಎಳೆದು, ಅವಳು ಆಸ್ಪತ್ರೆಗೆ ಹೋದಳು. ಅಲ್ಲಿ ಉದ್ದನೆಯ ಮೊಗಸಾಲೆ, ಗೋಡೆಗೆ ತಾಗಿಸಿದ ಬೆಂಚುಗಳು, ಯಾರೋ ಒರೆಸಿಟ್ಟ ಒದ್ದೆ ನೆಲ. ಗುಂಡಿ ಪರೀಕ್ಷೆ ಮುಗಿಸಿಕೊಂಡು ಹೊರಟೇಹೋಗಿದ್ದಳು.

ಮಹಡಿಯ ಕೋಣೆಗೆ ಹೋದರೆ ತಂಗಿ ಬಾಗಿಲು ಅರ್ಧ ತೆರೆದಳು. ಮೈಮೇಲೆ ಅಂಟಿನ ಕಲೆಯ ಹಳೆಯ ಅಂಗಿ. ಒಂದು ಕೈಯನ್ನು ಎದೆಯ ಪಕ್ಕಕ್ಕೆ ಒತ್ತಿ ಹಿಡಿದಿದ್ದಳು.

“ಅಂಗಡಿ ಬಿಟ್ಟು ಯಾಕೆ ಬಂದೆ?”

“ಗುಂಡೀ, ನಾನು ನೋಡ್ಲೇ ಇಲ್ಲ ಕಣೇ. ಫೋನು ಅಂಗಡೀಲಿತ್ತು.”

“ಗೊತ್ತು. ಮಷಿನ್ನು ತಾನೆ ಕಳ್ಸಿದ್ದು. ಮಷಿನ್ನಿಗೆ ಏನು ಗೊತ್ತಾಗುತ್ತೆ, ಪಾಪ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಮೊದಲೆಲ್ಲ ನಾನು ಬರೆದ್ರೆ ಮೇಲೆ ‘ಟೈಪಿಂಗ್’ ಅಂತ ಬರೋದು. ನೀನು ಆಮೆ. ಎಷ್ಟೋ ಹೊತ್ತು ಟೈಪಿಂಗ್, ಟೈಪಿಂಗ್, ಕೊನೆಗೆ ನೋಡಿದ್ರೆ ಒಂದು ‘ಹೂಂ’. ನಾನು ನಗ್ತಾ ಕೂತಿರ್ತಿದ್ದೆ. ನಿನ್ನೆ ಅದು ಬರ್ಲೇ ಇಲ್ಲ. ಒಂದೇ ಸಲ ಉತ್ತರ ಬಂತು.”

“ಫಲಿತಾಂಶ ಯಾವತ್ತು? ನಾನು ಬರ್ತೀನಿ.”

“ಮುಂದಿನ ವಾರ, ನಿನ್ನ ರಜೆಯ ದಿನವೇ. ಬೇಡ ಅಕ್ಕಾ. ಒಬ್ಬಳೇ ಹೋಗೋದು ಹೇಗೆ ಅಂತ ಕಲ್ತಾಯ್ತು. ಕಲ್ತಿದ್ದು ಯಾಕೆ ದಂಡ ಆಗಬೇಕು?”

ಬಾಗಿಲು ಮೆಲ್ಲಗೆ ಮುಚ್ಚಿತು. ದಡಾರನೆ ಹಾಕಿದ್ದರೆ ಚೆನ್ನಾಗಿತ್ತು ಎಂದುಕೊಂಡು ಜಿಪ್ಪಕ್ಕ ಮೆಟ್ಟಿಲಿಳಿದಳು.

ಮನೆಯಲ್ಲಿ ಯಜಮಾನರೂ ಅದನ್ನೇ ಹೇಳಿದರು. “ನೀನೇನು ಮಾಡ್ತೀಯ? ಆ ಮಷಿನ್ ತಪ್ಪು ಅದು.”

“ಮಷಿನ್ ಅಂತ ಯಾಕೆ ಪದೇ ಪದೇ ಹೇಳ್ತೀರಾ?” ಎಂದು ಅವಳು ಹರಿಹಾಯ್ದಳು. ಅವರು ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎನ್ನುತ್ತಲೂ ಇರಲಿಲ್ಲ, ಆದರೂ ಅವಳ ಕೈ ಹೆಗಲ ಮೇಲೇ ಇತ್ತು. ಬೈದಿದ್ದರೆ ಅತ್ತು ಹಗುರಾಗಬಹುದಿತ್ತು. ತಂಗಿ ಕ್ಷಮಿಸಿದ್ದು ಮಷಿನ್ನನ್ನು. ಆಚೆ ತೆಗೆಯುವ ಜಾಗ ಗೊತ್ತಿದ್ದೂ ತೆಗೆಯದವಳಿಗೆ ಆ ಕ್ಷಮೆ ಸೇರುವುದು ಹೇಗೆ?

ಮರುದಿನ ಹೊಲಿಗೆ ಎಲ್ಲ ಅಡ್ಡಾದಿಡ್ಡಿ ಬಿತ್ತು. ಎಡಗಾಲು ಗಿಡ್ಡದವನ ಪ್ಯಾಂಟಿನ ಬಲಗಾಲನ್ನು ಗಿಡ್ಡ ಮಾಡಿಬಿಟ್ಟಳು. ಅದನ್ನು ಬಿಚ್ಚಿಟ್ಟು ಎದ್ದು ರಿಪೇರಿಯವನ ಬಳಿ ಹೋದಳು.

“ನನ್ನ ನಂಬರನ್ನ ನಂಗೆ ವಾಪಸ್ ಕೊಡು. ನನ್ನ ತಂಗಿಗೂ ಅಂಗಡಿ ಉತ್ತರ ಹೋಯ್ತು.”

“ಅಷ್ಟಕ್ಕೇ ಯಾಕಕ್ಕಾ? ನಿಮ್ಮ ತಂಗೀನ ಆಚೆ ತೆಗೆದ್ರೆ ಸಾಕಲ್ಲ. ಒಂದು ಒತ್ತು ಒತ್ತಿದ್ರೆ ಆಯ್ತು.”

“ಅದು ಸಾಕಾಗೋ ಕಾಲ ಹೋಯ್ತು.”

ಅವನು ಅವಳ ಮುಖ ನೋಡಿ ಭೂತಗನ್ನಡಿ ತೆಗೆದಿಟ್ಟ. “ಆವತ್ತೇ ಹೇಳಿದ್ದೆ. ಹೋದ ಹಾಗೆ ವಾಪಸ್ ಬರೋಕಾಗಲ್ಲ. ನೇರ ಮಾಮೂಲಿಗೆ ಹಾಕಿದ್ರೆ ಬಿಸಿನೆಸ್ ಕಡೆ ಬಾಗಿಲು ಮುಚ್ಕೊಳ್ಳುತ್ತೆ, ಅಲ್ಲಿರೋ ಮಾತು ಈ ಕಡೆ ದಾಟಲ್ಲ. ಗಿರಾಕಿಗಳ ಅಳತೆ ಎಲ್ಲ ಅದರಲ್ಲೇ ಇದೆ ತಾನೆ?”

“ಇದೆ.”

“ಹಾಗಾದ್ರೆ ಮೊದಲು ಹೊಸ ಸಿಮ್. ನಿಮ್ಮ ಫೋನಲ್ಲಿ ಎರಡು ಸಿಮ್ಮಿಗೆ ಜಾಗ ಇದೆ. ಬಿಸಿನೆಸ್ ಒಳಗೇ ‘ನಂಬರ್ ಬದಲಿಸಿ’ ಅಂತ ಇದೆ. ಅದರಲ್ಲಿ ಹಳೇದನ್ನ ತೆಗೆದು ಹೊಸದು ಕೊಟ್ರೆ, ಅಲ್ಲಿರೋ ಮಾತು, ಅಂಗಡಿ ಹೆಸರು ಎಲ್ಲ ಅಲ್ಲೇ ಉಳಿಯುತ್ತೆ. ಆಗ ನಿಮ್ಮ ಹಳೇ ನಂಬರು ಖಾಲಿ ಆಗುತ್ತೆ. ಅದನ್ನ ಮಾಮೂಲಿಗೆ ಹಾಕೋಣ. ಆದ್ರೆ ಅಲ್ಲಿ ಏನೂ ಇರಲ್ಲ. ಬರೀ ಗೋಡೆ. ತಂಗಿಯ ಹಳೇ ಮಾತು ಅಂಗಡಿ ಕಡೇನೇ ಇರುತ್ತೆ.”

“ಇರಲಿ. ಅದನ್ನ ಅಲ್ಲಿ ಬಿಟ್ಟವಳು ನಾನೇ.”

“ಬೋರ್ಡು?”

“ಮತ್ತೆ ಬರೆಸ್ತೀನಿ.”

ಸಿಮ್ ಬಂದ ದಿನ ಅವನು ಹೇಳಿದ ಹಾಗೇ ಮಾಡಿದ. ಹೊಸ ನಂಬರು ಕೊಟ್ಟಾಗ ಆ್ಯಪು ಕೇಳಿತು: ಬದಲಾದದ್ದನ್ನು ಯಾರಿಗೆಲ್ಲ ತಿಳಿಸಬೇಕು? “ಎಲ್ಲರಿಗೂ ಅಂತ ಒತ್ತಲಾ?” ಎಂದ ಅವನು.

“ಬೇಡ. ಆ ‘ಎಲ್ಲರಿಗೂ’ನಿಂದಲೇ ಇಷ್ಟೆಲ್ಲ ಆಗಿದ್ದು. ಇಲ್ಲಿ ಕೊಡು, ನಾನೇ ಆರಿಸ್ತೀನಿ.”

ಅವನ ಗಿಡ್ಡ ಸ್ಟೂಲಿನ ಮೇಲೆ ಕೂತು, ಹೆಬ್ಬೆರಳಿನಿಂದ ಒಬ್ಬೊಬ್ಬರನ್ನೇ ಆರಿಸಿದಳು. ಹಸಿರು ಕೋಟು, ಹೌದು. ಹೊಟ್ಟೆ ಸಾರ್, ಹೌದು. ಗುಂಡಿಯ ಹೆಸರು ಬಂದಾಗ ಬೆರಳು ನಿಂತಿತು. ಮುಟ್ಟದೆ ಮುಂದೆ ಹೋಯಿತು. ಅಂಗಡಿಯ ನಂಬರು ಅವಳಿಗೆ ಬೇಕಿರಲಿಲ್ಲ. ಈ ಕೆಲಸ ಮುಗಿಯಲು ಹಿಡಿದ ಹೊತ್ತಿನಲ್ಲಿ ರಿಪೇರಿಯವನು ಎರಡು ಫೋನಿನ ಗಾಜು ಬದಲಿಸಿದ. ಇದರ ನೂರರಲ್ಲೊಂದು ಪಾಲು ಸಾಕಿತ್ತು ಆವತ್ತು, ಎಂದು ಅವಳಿಗೆ ಹೊಳೆಯದೆ ಇರಲಿಲ್ಲ.

ಆಮೇಲೆ ಮಾಮೂಲಿ ವಾಟ್ಸ್ಯಾಪು ಹಳೆಯ ನಂಬರು ಕೇಳಿತು. ಆರಂಕಿಯ ಸಂಖ್ಯೆ ಮೆಸೇಜಿನಲ್ಲಿ ಬಂತು, ಹಾಕಿದರು. ತೆರೆಯಿತು. ಒಳಗೆ ಒಂದು ಮಾತೂ ಇರಲಿಲ್ಲ. ಬಣ್ಣ ಹೊಡೆದ ಖಾಲಿ ಮನೆಗೆ ಬಂದು ನಿಂತ ಹಾಗಾಯಿತು ಅವಳಿಗೆ.

“ಇದರಲ್ಲಿ ತಾನಾಗೇ ಉತ್ತರ ಕೊಡೋದು ಇಲ್ವಲ್ಲ?”

“ಮಾಮೂಲೀಲಿ ಆ ಸೌಲಭ್ಯ ಇಲ್ಲಕ್ಕಾ. ನೀವು ಕೊಟ್ರೆ ಉಂಟು, ಇಲ್ಲಾಂದ್ರೆ ಇಲ್ಲ.”

ಅಂದಿನಿಂದ ಫೋನು ಸೊಂಟದ ಚೀಲಕ್ಕೆ ಮರಳಿತು. ಅಂಗಡಿ ಮುಚ್ಚಿದ ಮೇಲೆ ಗಿರಾಕಿಗಳಿಗೆ ಹೊಸ ನಂಬರಿನಿಂದ ಉತ್ತರ ತಾನಾಗಿ ಹೋಗುತ್ತಿತ್ತು. ಹಳೆಯ ನಂಬರು ಸುಮ್ಮನಿತ್ತು. ಅವಳು ಗುಂಡಿಗೆ ಬರೆಯಲು ಕೂತು, ಬರೆದು, ಅಳಿಸಿ, ಬಿಟ್ಟಳು. ಕ್ಷಮಿಸು ಎಂದು ಬರೆದರೆ ಅದೂ ಅಂಗಡಿಯವರ ಮಾತಿನಂತೆ ಕಂಡಿತು.

ಫಲಿತಾಂಶದ ದಿನ ಬೆಳಿಗ್ಗೆ ಯಜಮಾನರು ಕೇಳಿದರು, “ಬೇಡ ಅಂದಿದ್ದಾಳಲ್ಲೇ, ಹೋಗ್ತೀಯಾ?”

“ಬಾಗಿಲ ತನಕ ಹೋಗ್ತೀನಿ. ಒಳಗೆ ಬಿಡೋದು ಅವಳಿಷ್ಟ.”

ಮಹಡಿಯ ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿದಳು. ಒಳಗೆ ಕುರ್ಚಿ ಸರಿದ ಸದ್ದಾಯಿತು, ಬಾಗಿಲು ತೆರೆಯಲಿಲ್ಲ. ಜಿಪ್ಪಕ್ಕ ಮರದ ಬಾಗಿಲಿಗೆ ಮುಖ ಹತ್ತಿರ ತಂದು ಮಾತಾಡಿದಳು.

“ಗುಂಡೀ, ಒಂದು ಮಾತು ಕೇಳ್ಕೊ. ಆಮೇಲೆ ಹೋಗು ಅಂದ್ರೆ ಹೋಗ್ತೀನಿ. ಅದು ಮಷಿನ್ ಮಾಡಿದ್ದಲ್ಲ. ನೀನು ತೆಗಿ ಅಂದಿದ್ದೆ. ನಿನ್ನ ಭಾವನ್ನ ತೆಗೆದೆ, ನಾದಿನೀನ ತೆಗೆದೆ. ನಿನ್ನ ತೆಗೀಲಿಲ್ಲ. ಮರೆತಿದ್ದಲ್ಲ. ದಿನಾ ಸಂಜೆ ನಿನ್ನ ಸಂಕಟ ಓದೋಕೆ ಬೇಜಾರಾಗಿತ್ತು ಕಣೇ. ಅದು ನನ್ನ ಬದಲಿಗೆ ಉತ್ತರ ಕೊಡ್ತಿತ್ತು, ನಂಗೆ ಹಾಯಾಗಿತ್ತು.”

ಕೆಳಗಿನ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. ನಲ್ಲಿ ನಿಂತಿತು, ಮತ್ತೆ ಸುರಿಯಿತು.

“ಬೇಜಾರಾಗಿತ್ತು ಅಂತ ನಂಗೆ ಗೊತ್ತಿತ್ತು,” ಎಂದಿತು ಒಳಗಿನ ದನಿ ಕೊನೆಗೆ. “ನೀನು ಹೇಳ್ತೀಯ ಅಂತ ಗೊತ್ತಿರಲಿಲ್ಲ.”

ಜಿಪ್ಪಕ್ಕ ಹೋಗುವುದೋ ನಿಲ್ಲುವುದೋ ತಿಳಿಯದೆ ಗೋಡೆಗೆ ಒರಗಿದಳು. ಆಗ ಸೊಂಟದ ಚೀಲದಲ್ಲಿ ಫೋನು ಟಿಣ್ ಎಂದಿತು. ಖಾಲಿ ಮನೆಗೆ ಮೊದಲ ಮಾತು ಬಂದಿತ್ತು. ಬಾಗಿಲ ಆಚೆಯಿಂದ ಗುಂಡಿ ಬರೆದಿದ್ದಳು:

‘ಇವತ್ತು ಅಂಗಡಿ ರಜೆ ಅಲ್ವಾ?’

ಜಿಪ್ಪಕ್ಕ ಕನ್ನಡಕ ಹುಡುಕಿದಳು. ಸೀಮೆಸುಣ್ಣದ ಪುಡಿ ಒರೆಸಿ ಮೂಗಿಗೇರಿಸಿದಳು. ಹೆಬ್ಬೆರಳಿನಿಂದ ‘ರ’ ಹುಡುಕಿದಳು. ‘ಜೆ’ಗೆ ಏತ್ವ ಸಿಗಲಿಲ್ಲ, ‘ಜಿ’ ಬಿತ್ತು, ಅಳಿಸಿದಳು. ಮತ್ತೆ ಒತ್ತಿದಳು. ‘ಜೆ’ ಎರಡು ಸಲ ಬಿತ್ತು. ಅಳಿಸಿದಳು.

ಬಾಗಿಲ ಆಚೆ ಸಣ್ಣಗೆ ಒಂದು ಸದ್ದಾಯಿತು. ಅತ್ತದ್ದೋ ನಕ್ಕದ್ದೋ ಹೇಳಲು ಬಾರದಂಥದ್ದು.

“ಬರ್ತಾ ಇದೆ,” ಎಂದಳು ಗುಂಡಿ. “ಟೈಪಿಂಗ್ ಅಂತ. ಏನು ಬರೀತಿದ್ದೀಯಾ ಅಷ್ಟು ಹೊತ್ತು?”

“ತಡಿಯೇ, ಇನ್ನೂ ಎರಡನೇ ಅಕ್ಷರ.”

“ನೀನು ಅದನ್ನ ಮುಗಿಸೋಷ್ಟರಲ್ಲಿ ಡಾಕ್ಟರು ಎದ್ದು ಮನೆಗೆ ಹೋಗಿರ್ತಾರೆ.”

ಚಿಲಕ ಸರಿಯಿತು. ಗುಂಡಿ ಹೊರಡಲು ಸಿದ್ಧಳಾಗಿ ನಿಂತಿದ್ದಳು, ಕೈಯಲ್ಲಿ ಫೋನು, ಕಣ್ಣು ಕೆಂಪು. ಅಕ್ಕನನ್ನು ತಬ್ಬಿಕೊಳ್ಳಲಿಲ್ಲ. ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಅಕ್ಕನ ಸೊಂಟದ ಚೀಲಕ್ಕೆ, ಸೀಮೆಸುಣ್ಣದ ಪಕ್ಕಕ್ಕೆ ಇಳಿಬಿಟ್ಟಳು.

“ಇನ್ನೂ ಸಿಟ್ಟಿದೆ,” ಎಂದಳು, ಮೆಟ್ಟಿಲಿಳಿಯುತ್ತಾ.

“ಇರಲಿ.”

“ಸಂಜೆ ಬರೀತೀನಿ. ಉದ್ದ ಇರುತ್ತೆ.”

“ಬರಿ,” ಎಂದಳು ಜಿಪ್ಪಕ್ಕ, ತಂಗಿ ಜಾರದ ಹಾಗೆ ಒಂದು ಮೆಟ್ಟಿಲು ಮುಂದೆ ಇಳಿಯುತ್ತಾ.